ಸ್ವಂತ ದುಡ್ಡು, ತಪ್ಪು ಖಾತೆ: ತಡೆಬಿದ್ದ ವಿದೇಶಿ ಹಣ ಬಿಡಿಸಿಕೊಳ್ಳುವ ಬಗೆ

ವಿದೇಶದಿಂದ ಬಂದು ಬ್ಯಾಂಕಿನಲ್ಲಿ ಸಿಕ್ಕಿಕೊಂಡ ಹಣದ ಫೈಲುಗಳಲ್ಲಿ ನನ್ನ ಮೇಜಿಗೆ ಹೆಚ್ಚಾಗಿ ಬರುವುದು ಒಂದೇ ಬಗೆಯದು. ಕಳಿಸಿದವರೂ ಪಡೆಯುವವರೂ ಒಬ್ಬರೇ. ಕೆಲಸಕ್ಕೆಂದು ಹೊರದೇಶಕ್ಕೆ ಹೋದವರು ಅಲ್ಲಿಯ ಬ್ಯಾಂಕಿನಿಂದ ಊರಿನಲ್ಲಿರುವ ತಮ್ಮದೇ ಹಳೆಯ ಉಳಿತಾಯ ಖಾತೆಗೆ ಹಣ ಹಾಕಿರುತ್ತಾರೆ. ಅಪ್ಪನ ಖಾತೆಗೆ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ತಮ್ಮ ಖಾತೆಗೇ ಹಾಕಿದ್ದರಿಂದ ತಡೆ.

ಕಾರಣ ಬ್ಯಾಂಕುಗಳು ಒಂದಕ್ಕೊಂದು ಕಳಿಸುವ ಸ್ವಿಫ್ಟ್ ಸಂದೇಶದಲ್ಲೇ ಇರುತ್ತದೆ. `MT103` ಎಂಬ ಪಾವತಿ ಸಂದೇಶದ ಪ್ರತಿಯಲ್ಲಿ `50K` ಎಂಬ ಸಾಲಿನಲ್ಲಿ ಕಳಿಸಿದವರ ಹೆಸರು, ವಿಳಾಸ ಇರುತ್ತದೆ. `59` ಎಂಬ ಸಾಲಿನಲ್ಲಿ ಪಡೆಯುವವರ ಖಾತೆ ಸಂಖ್ಯೆ, ಹೆಸರು. ಎರಡರಲ್ಲೂ ಒಂದೇ ಹೆಸರು, ಮೇಲಿನದರಲ್ಲಿ ವಿದೇಶದ ವಿಳಾಸ, ಕೆಳಗಿನ ಖಾತೆ ಮಾತ್ರ ನಿವಾಸಿ ಉಳಿತಾಯ ಖಾತೆ. ಅಲ್ಲಿ ವಾಸವಿರುವವರು ಇಲ್ಲಿ ನಿವಾಸಿ ಖಾತೆ ಇಟ್ಟುಕೊಂಡಿದ್ದು ಹೇಗೆ ಎಂದು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗ ಕೇಳಲೇಬೇಕಾಗುತ್ತದೆ. ವಿದೇಶಿ ವಿನಿಮಯ ವ್ಯವಹಾರಗಳನ್ನು ನಿಯಂತ್ರಿಸುವ 1999ರ ಫೆಮಾ ಕಾಯ್ದೆಯಂತೆ ಉದ್ಯೋಗಕ್ಕೆಂದು ದೇಶ ಬಿಟ್ಟವರು ಹೊರಟಾಗಿನಿಂದಲೇ ಅನಿವಾಸಿ. 182 ದಿನ ಲೆಕ್ಕ ಹಾಕಿಕೊಂಡು 'ನಾನಿನ್ನೂ ನಿವಾಸಿಯೇ' ಎನ್ನುವವರು ಆದಾಯ ತೆರಿಗೆಯ ಲೆಕ್ಕವನ್ನು ಇಲ್ಲಿ ತಂದು ಬೆರೆಸುತ್ತಿದ್ದಾರೆ. ಎರಡೂ ಬೇರೆ.

ಒಂದು ಪ್ರಕರಣವನ್ನೇ ಹಿಡಿದು ಹೋಗೋಣ. 10,000 ಡಾಲರ್, ಸ್ವಿಫ್ಟ್ ಮೂಲಕ, ಹಳೆಯ ಉಳಿತಾಯ ಖಾತೆಗೆ. ಐದು ದಿನವಾದರೂ ಜಮೆ ಇಲ್ಲ. ಶಾಖೆಗೆ ಫೋನ್ ಮಾಡಿದರೆ 'ನಮಗೇನೂ ಬಂದಿಲ್ಲ' ಎನ್ನುತ್ತಾರೆ. ಅದು ಸುಳ್ಳಲ್ಲ. ಹಣ ಬಂದಿರುವುದು ಬ್ಯಾಂಕಿನ ನಾಸ್ಟ್ರೋ ಖಾತೆಗೆ, ಅಂದರೆ ಆ ಬ್ಯಾಂಕು ಹೊರದೇಶದ ಬ್ಯಾಂಕೊಂದರಲ್ಲಿ ಡಾಲರ್‌ನಲ್ಲಿ ಇಟ್ಟುಕೊಂಡಿರುವ ಖಾತೆಗೆ. ಅದನ್ನು ನೋಡಿಕೊಳ್ಳುವುದು ಬೇರೆ ಊರಿನ ಕೇಂದ್ರೀಕೃತ ವಿಭಾಗ. ಅವರು ಕಳಿಸಿದ ಪ್ರಶ್ನೆ ಖಾತೆಯಲ್ಲಿ ನೋಂದಾಯಿಸಿದ ಹಳೆಯ ಇಮೇಲಿಗೋ, ಎಂದೋ ನಿಂತುಹೋದ ಭಾರತದ ಮೊಬೈಲಿಗೋ ಹೋಗಿ ಬಿದ್ದಿರುತ್ತದೆ. ಇಂಥ ಪ್ರಕರಣಗಳಲ್ಲಿ ಬಹಳ ದಿನ ಹಾಳಾಗುವುದು ನಿಯಮದಿಂದಲ್ಲ, ಈ ಉತ್ತರವಿಲ್ಲದ ಪ್ರಶ್ನೆಯಿಂದ.

ಆದ್ದರಿಂದ ನಾನು ಮೊದಲು ಕೇಳುವುದು ಎರಡೇ: ಕಳಿಸಿದ ಬ್ಯಾಂಕಿನಿಂದ ಸ್ವಿಫ್ಟ್ ಸಂದೇಶದ ಪ್ರತಿ ಮತ್ತು `UETR` ಎಂಬ 36 ಅಕ್ಷರಗಳ ಗುರುತು. ಈಗ ಹಲವು ಬ್ಯಾಂಕುಗಳು ಹಳೆಯ `MT103` ಬದಲು `pacs.008` ಎಂಬ ಹೊಸ ರೂಪದ ಪ್ರತಿ ಕೊಡುತ್ತವೆ. ಅದರಲ್ಲೂ ಈ ಗುರುತು ಇರುತ್ತದೆ. ಹಣ ನಡುವಿನ ಬ್ಯಾಂಕಿನಲ್ಲಿದೆಯೇ, ಪಡೆಯುವ ಬ್ಯಾಂಕನ್ನು ಮುಟ್ಟಿದೆಯೇ, ಹಿಂದಿರುಗಿದೆಯೇ ಎಂಬುದನ್ನು ಕಳಿಸಿದ ಬ್ಯಾಂಕು ಈ ಗುರುತಿನಿಂದ ಹೇಳಬಲ್ಲದು. ಅದಿಲ್ಲದೆ ಶಾಖೆಯ ಮುಂದೆ ಕೂತರೆ ಕತ್ತಲಲ್ಲಿ ತಡಕಾಡಿದಂತೆ.

ಹಣ ಪಡೆಯುವ ಬ್ಯಾಂಕಿನಲ್ಲೇ ಇದೆ ಎಂದು ಗೊತ್ತಾದ ಕೂಡಲೇ ಬರವಣಿಗೆಯಲ್ಲಿ ಒಂದು ಮಾತು ಹೋಗಬೇಕು: ರೂಪಾಯಿಗೆ ಪರಿವರ್ತಿಸಬೇಡಿ, ಸೂಚನೆ ಕೊಡುವವರೆಗೆ ಡಾಲರ್‌ನಲ್ಲೇ ಇಟ್ಟಿರಿ. ಇದು ಏಕೆ ಮುಖ್ಯ ಎಂದು ಲೆಕ್ಕ ಹೇಳುತ್ತದೆ. ಬ್ಯಾಂಕು ಡಾಲರ್ ಕೊಳ್ಳುವ ದರ 85 ರೂಪಾಯಿ, ಮಾರುವ ದರ 86 ಎಂದಿಟ್ಟುಕೊಳ್ಳಿ. ಪರಿವರ್ತಿಸಿದರೆ 8,50,000 ರೂಪಾಯಿ. ಕರೆನ್ಸಿ ಪರಿವರ್ತನೆಯ ಮೇಲಿನ ಜಿಎಸ್‌ಟಿಗೆ ಈ ಮೊತ್ತದಲ್ಲಿ ಲೆಕ್ಕಕ್ಕೆ ಬರುವ ಮೌಲ್ಯ 1,000 ರೂಪಾಯಿ, ಜೊತೆಗೆ ಒಂದು ಲಕ್ಷ ಮೀರಿದ 7,50,000ದ ಶೇ. 0.5, ಅಂದರೆ 3,750, ಒಟ್ಟು 4,750. ಅದರ ಶೇ. 18 ಎಂದರೆ 855 ರೂಪಾಯಿ. ಆಮೇಲೆ ಖಾತೆ ತಪ್ಪೆಂದು ಹಿಂದಿರುಗಿಸಿದರೆ 86ರ ದರದಲ್ಲಿ ಮತ್ತೆ ಡಾಲರ್ ಕೊಳ್ಳಬೇಕು. ಜಿಎಸ್‌ಟಿ ಬಿಟ್ಟರೂ 8,50,000ಕ್ಕೆ ಸಿಗುವುದು ಸುಮಾರು 9,884 ಡಾಲರ್. ಡಾಲರ್‌ನಲ್ಲೇ ಇದ್ದಾಗ ಹಿಂದಿರುಗಿದರೆ ಬೀಳುವ ಪೆಟ್ಟು ನಡುವಿನ ಬ್ಯಾಂಕುಗಳ ಶುಲ್ಕದಷ್ಟೇ.

ಇಲ್ಲಿಂದ ಮುಂದೆ ದಾರಿ ಮೂರು ಕವಲಾಗುತ್ತದೆ.

ಅದೇ ಬ್ಯಾಂಕಿನಲ್ಲಿ ಈಗಾಗಲೇ ಅನಿವಾಸಿಗಳು ವಿದೇಶದ ಗಳಿಕೆಯನ್ನು ರೂಪಾಯಿಯಲ್ಲಿ ಇಟ್ಟುಕೊಳ್ಳುವ ಎನ್‌ಆರ್‌ಇ ಖಾತೆ ಇದ್ದರೆ ಕೆಲಸ ಸಲೀಸು. ಕಳಿಸಿದ ಬ್ಯಾಂಕಿಗೆ ಹೇಳಿ ಪಡೆಯುವ ಖಾತೆಯ ಸಂಖ್ಯೆ ತಿದ್ದುವ ಸಂದೇಶ ಸ್ವಿಫ್ಟ್‌ನಲ್ಲೇ ಕಳಿಸಬೇಕು. ಹೆಸರು, ಗ್ರಾಹಕ ಸಂಖ್ಯೆ ಒಂದೇ ಆಗಿರುವುದರಿಂದ ಕೆಲವು ಬ್ಯಾಂಕುಗಳು ಗ್ರಾಹಕರ ಸಹಿ ಇರುವ ಪತ್ರಕ್ಕೇ ಒಪ್ಪುತ್ತವೆ. ಆದರೂ ಮೂಲ ಬ್ಯಾಂಕಿನಿಂದ ಬಂದ ತಿದ್ದುಪಡಿಗೆ ಎರಡನೇ ಪ್ರಶ್ನೆ ಬರುವುದಿಲ್ಲ, ಹಾಗಾಗಿ ನಾನು ಅದನ್ನೇ ಮಾಡಿಸುತ್ತೇನೆ. ಜೊತೆಗೆ `70`ನೇ ಸಾಲಿನ ವಿವರಣೆಯನ್ನೂ ತಿದ್ದಿಸುವುದು ಒಳ್ಳೆಯದು:

```
OWN FUNDS CREDIT TO NRE ACCOUNT
```

ಎಷ್ಟೋ ಜನ ಅಲ್ಲಿ ಸಂಬಳ ಎಂದು ಬರೆದಿರುತ್ತಾರೆ. ಆಗ ಬ್ಯಾಂಕಿನವರು ಅದನ್ನು ಹಣದ ಉದ್ದೇಶ ಸೂಚಿಸುವ ಸಂಕೇತಗಳಲ್ಲಿ ನೌಕರರ ವೇತನದ್ದಾದ `P1401`ಕ್ಕೆ ಹಾಕಿ, ಉದ್ಯೋಗ ಒಪ್ಪಂದ ಕೇಳಿ, ಹೊಸ ಗಂಟು ಕಟ್ಟುತ್ತಾರೆ. ಎನ್‌ಆರ್‌ಇ ಖಾತೆಗೆ ಜಮೆಯಾಗುವ ಸ್ವಂತ ಹಣಕ್ಕೆ ಸಂಕೇತ `P0014`. ಮನೆಖರ್ಚಿಗೆ, ಉಳಿತಾಯಕ್ಕೆ ಎಂದು ಕುಟುಂಬಕ್ಕೆ ಕಳಿಸುವುದು `P1301`. ಹಣದ ಮೂಲ ತೋರಿಸಲು ವಿದೇಶಿ ಖಾತೆಯ ಮೂರು ತಿಂಗಳ ಸ್ಟೇಟ್‌ಮೆಂಟ್, ಸಂಬಳದ ಚೀಟಿ ಮುಂಚೆಯೇ ಕೊಟ್ಟುಬಿಟ್ಟರೆ ಒಂದು ಸುತ್ತು ಉಳಿಯುತ್ತದೆ.

ಎನ್‌ಆರ್‌ಇ ಖಾತೆ ಇಲ್ಲದಿದ್ದರೆ ಬ್ಯಾಂಕು ತಾನಾಗಿ ಹೇಳುವ ದಾರಿ, ಹಳೆಯ ಉಳಿತಾಯ ಖಾತೆಯನ್ನು ಅನಿವಾಸಿಗಳು ಊರಿನ ಆದಾಯ ಇಟ್ಟುಕೊಳ್ಳುವ ಎನ್‌ಆರ್‌ಒ ಆಗಿ ಬದಲಿಸಿ ಹಣವನ್ನು ಅದಕ್ಕೇ ಜಮೆ ಮಾಡುವುದು. ನಿವಾಸಿ ಖಾತೆ ಎನ್‌ಆರ್‌ಒ ಆಗಬಹುದು, ಎನ್‌ಆರ್‌ಇ ಆಗಲಾರದು. ಎನ್‌ಆರ್‌ಇಯನ್ನು ಹೊಸದಾಗಿಯೇ ತೆರೆಯಬೇಕು. ವಿದೇಶದಿಂದ ಬಂದ ಹಣ ಎನ್‌ಆರ್‌ಒಗೆ ಹೋಗುವುದು ನಿಯಮಕ್ಕೆ ವಿರುದ್ಧವಲ್ಲ. ಆದರೆ ಎನ್‌ಆರ್‌ಇಯಲ್ಲಿರುವ ಹಣವನ್ನು ಬೇಕೆಂದಾಗ ಮಿತಿಯಿಲ್ಲದೆ ಹೊರಗೆ ಒಯ್ಯಬಹುದು, ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒಗೆ ಇಳಿದ ಹಣ ಊರಿನ ಬಾಡಿಗೆ, ಪಿಂಚಣಿಯ ಹಣದೊಂದಿಗೆ ಬೆರೆತು ಹೋಗುತ್ತದೆ. ಹೊರಗೆ ಒಯ್ಯಲು ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ಗಳ ಮಿತಿ, ತೆರಿಗೆ ಕಟ್ಟಿದ ಬಗ್ಗೆ ಘೋಷಣೆ, ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಬೇಕು. ಅಲ್ಲಿಂದ ಸ್ವಂತ ಎನ್‌ಆರ್‌ಇಗೆ ವರ್ಗಾಯಿಸಲೂ ಅದೇ ಕಾಗದ, ಅದೇ ಮಿತಿ. ಬಡ್ಡಿಯ ಮೇಲೆ ಶೇ. 30ರ ಮೂಲ ದರದಲ್ಲಿ ತೆರಿಗೆ ಕಡಿತ ಬೇರೆ. 10,000 ಡಾಲರ್‌ಗೆ ಮಿತಿ ತೊಂದರೆ ಕೊಡುವುದಿಲ್ಲ, ಕಾಗದಪತ್ರದ ಓಡಾಟ ಕೊಡುತ್ತದೆ.

ಹಾಗಾಗಿ ಹಣ ಊರಲ್ಲೇ ಖರ್ಚಾಗುವಂಥದ್ದಾದರೆ, ಸಾಲದ ಕಂತೋ ಮನೆ ರಿಪೇರಿಯೋ ಆದರೆ, ಎನ್‌ಆರ್‌ಒ ಸಾಕು. ಸುಮ್ಮನೆ ವಾಪಸು ಕಳಿಸಿ ಶುಲ್ಕ ಕಟ್ಟುವುದರಲ್ಲಿ ಅರ್ಥವಿಲ್ಲ. ಮುಂದೊಂದು ದಿನ ಹೊರಗೆ ಬೇಕಾಗುವ ಉಳಿತಾಯವಾದರೆ ಮೂರನೇ ದಾರಿಯೇ ಸರಿ: ಡಾಲರ್‌ನಲ್ಲೇ ಹಿಂದಿರುಗಿಸಿ, ಎನ್‌ಆರ್‌ಇ ತೆರೆದು, ಮತ್ತೆ ಕಳಿಸುವುದು. ಖಾತೆ ತೆರೆಯಲು ಪಾಸ್‌ಪೋರ್ಟ್, ವೀಸಾ ಅಥವಾ ವಾಸದ ಪರವಾನಗಿ, ಅಲ್ಲಿಯ ವಿಳಾಸದ ದಾಖಲೆ, ಪ್ಯಾನ್, ಫೋಟೊ ಬೇಕು. ಪ್ರತಿಗಳಿಗೆ ಭಾರತೀಯ ರಾಯಭಾರ ಕಚೇರಿ ಅಥವಾ ಅಲ್ಲಿಯ ನೋಟರಿಯ ದೃಢೀಕರಣ ಕೇಳುತ್ತಾರೆ. ಯಾವ ದಾರಿ ಹಿಡಿದರೂ ಹಳೆಯ ಖಾತೆಯನ್ನು ಎನ್‌ಆರ್‌ಒ ಮಾಡಿಸುವುದು ತಪ್ಪದು. ಮಾಡಿಸುವ ಮುನ್ನ ಆ ಖಾತೆಯಿಂದ ತಾನಾಗಿ ಕಡಿತವಾಗುವ ವಿಮೆ, ಎಸ್‌ಐಪಿ, ಸಾಲದ ಕಂತುಗಳ ಪಟ್ಟಿ ಮಾಡಿಟ್ಟುಕೊಳ್ಳಿ. ಕೆಲವು ಬ್ಯಾಂಕುಗಳಲ್ಲಿ ಖಾತೆ ಸಂಖ್ಯೆಯೇ ಬದಲಾಗಿ ಇವೆಲ್ಲ ಒಂದೇ ತಿಂಗಳಲ್ಲಿ ಮುರಿದು ಬೀಳುತ್ತವೆ.

ಇದಕ್ಕೆ ತದ್ವಿರುದ್ಧದ ತಡೆಯೂ ಒಂದಿದೆ: ಖಾತೆ ಸರಿಯಾದ ಎನ್‌ಆರ್‌ಇಯೇ, ಆದರೂ ಹಣ ತಿರಸ್ಕೃತ. ಇದು ಸ್ವಿಫ್ಟ್‌ನಲ್ಲಿ ಕಡಿಮೆ, ಮೊಬೈಲ್ ಆ್ಯಪ್‌ಗಳ ಮೂಲಕ ಕಳಿಸುವಲ್ಲಿ ಹೆಚ್ಚು. ಆ್ಯಪ್ ಕಂಪನಿ ಅಲ್ಲಿ ವಿದೇಶಿ ಹಣ ತೆಗೆದುಕೊಂಡು, ಇಲ್ಲಿ ತನ್ನ ಪಾಲುದಾರ ಬ್ಯಾಂಕಿನಿಂದ ರೂಪಾಯಿಯನ್ನು ನೆಫ್ಟ್ ಅಥವಾ ಐಎಂಪಿಎಸ್‌ನಲ್ಲಿ ಹಾಕುತ್ತದೆ. ಎನ್‌ಆರ್‌ಇಗೆ ಊರಿನ ರೂಪಾಯಿ ಮನಬಂದಂತೆ ಬೀಳಕೂಡದು. ವಿದೇಶದಿಂದ ಬಂದ ಹಣ, ಇನ್ನೊಂದು ಎನ್‌ಆರ್‌ಇಯ ಹಣ ಎಂಬಂಥ ಕೆಲವಕ್ಕಷ್ಟೇ ಪ್ರವೇಶ. ಸಂದೇಶದಲ್ಲಿ ಇದು ವಿದೇಶಿ ಹಣವೆಂಬ ಗುರುತು ಇಲ್ಲದಿದ್ದರೆ ಪಡೆಯುವ ಬ್ಯಾಂಕಿಗೆ ಅದು ಊರಿನ ಯಾರೋ ಹಾಕಿದ ದುಡ್ಡಿನಂತೆಯೇ ಕಾಣುತ್ತದೆ. ಐಎಂಪಿಎಸ್‌ನಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತವೇ ಇದೆ, `M4`. ಆ್ಯಪ್ ಕಂಪನಿಯ ಸಹಾಯವಾಣಿಯಿಂದ ತಿರಸ್ಕಾರದ ಸಂಕೇತ ಕೇಳಿ ಪಡೆಯಿರಿ. `M4` ಎಂದರೆ ದೋಷ ಇರುವುದು ನಿಮ್ಮ ಖಾತೆಯಲ್ಲಲ್ಲ, ಹಣ ಬಂದ ದಾರಿಯಲ್ಲಿ. `M1` ಬಂದಿದ್ದರೆ ಪಡೆಯುವವರ ವಿವರವೇ ತಪ್ಪು, `M5` ಆದರೆ ಖಾತೆ ಮುಚ್ಚಿಹೋಗಿದೆ.

ಈ ದೋಷದ ಮೂಲ ಸಾಮಾನ್ಯವಾಗಿ ಪಡೆಯುವವರ ವಿವರ ತುಂಬಿದ ಪುಟದಲ್ಲಿರುತ್ತದೆ. ಖಾತೆಯ ಬಗೆ ಕೇಳಿದಲ್ಲಿ ಎನ್‌ಆರ್‌ಇ ಬಿಟ್ಟು ಉಳಿತಾಯ ಎಂದು ಒತ್ತಿರುತ್ತಾರೆ, ಎನ್‌ಆರ್‌ಇಯೂ ಉಳಿತಾಯ ಖಾತೆಯೇ ತಾನೇ ಎಂದುಕೊಂಡು. ಆ ವಿವರವನ್ನು ತಿದ್ದುವ ಬದಲು ಪೂರ್ತಿ ಅಳಿಸಿ ಹೊಸದಾಗಿ ಸೇರಿಸಿ, ಮೊದಲು ಸಣ್ಣ ಮೊತ್ತ ಕಳಿಸಿ ನೋಡುವುದು ನನ್ನ ಪದ್ಧತಿ. ಆ್ಯಪ್‌ನಲ್ಲಿ ಎನ್‌ಆರ್‌ಇ ಎಂಬ ಆಯ್ಕೆಯೇ ಇಲ್ಲದಿದ್ದರೆ ಆ ಕಂಪನಿ ನಿಮ್ಮ ಕೆಲಸಕ್ಕಲ್ಲ.

ತಡೆಯೇ ಬೀಳದೆ ಹಳೆಯ ನಿವಾಸಿ ಖಾತೆಗೆ ಹಣ ಜಮೆಯಾಗಿಬಿಟ್ಟರೆ ಅದೃಷ್ಟ ಎಂದುಕೊಳ್ಳುವವರೇ ಹೆಚ್ಚು. ವರ್ಷಗಳ ನಂತರ ಕೆವೈಸಿ ನವೀಕರಣದಲ್ಲಿ ವಿದೇಶದ ವಿಳಾಸ ಕಂಡಾಗ ಬ್ಯಾಂಕು ಖಾತೆಯಿಂದ ಹಣ ತೆಗೆಯುವುದನ್ನೇ ನಿಲ್ಲಿಸಬಹುದು. ಫೆಮಾದ 13ನೇ ಕಲಮಿನಲ್ಲಿ ದಂಡ ಉಲ್ಲಂಘನೆಯ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದೆಂದಿದೆ. ಬ್ಯಾಂಕು ಕಂಡುಹಿಡಿಯುವ ಮೊದಲೇ ನೀವಾಗಿ ಹೋಗಿ, ದೇಶ ಬಿಟ್ಟ ದಿನಾಂಕದ ಪಾಸ್‌ಪೋರ್ಟ್ ಮುದ್ರೆಯ ಪ್ರತಿಯೊಂದಿಗೆ ಖಾತೆಯನ್ನು ಎನ್‌ಆರ್‌ಒ ಮಾಡಿಸಿಕೊಂಡರೆ ಮಾತು ಬಹಳ ಹಗುರವಾಗುತ್ತದೆ.

ಊರಿಗೆ ಮರಳಿ ನೆಲೆಸಿದವರಿಗೆ ಇದೇ ಪೇಚು ತಿರುಗುಮುರುಗಾಗಿ ಬರುತ್ತದೆ. ಅಲ್ಲಿಯ ಕೊನೆಯ ಸಂಬಳ, ಗ್ರಾಚ್ಯುಯಿಟಿ ತಡವಾಗಿ ಬಂದಾಗ ಹಳೆಯ ಎನ್‌ಆರ್‌ಇ ಸಂಖ್ಯೆಯನ್ನೇ ಕೊಟ್ಟುಬಿಡುತ್ತಾರೆ. ಮರಳಿದ ಕೂಡಲೇ ಆ ಖಾತೆ ನಿವಾಸಿ ಖಾತೆಯಾಗಬೇಕು, ಇಲ್ಲವೇ ಹಣ ಮರಳಿದವರು ವಿದೇಶಿ ಕರೆನ್ಸಿಯಲ್ಲೇ ಇಟ್ಟುಕೊಳ್ಳಬಹುದಾದ ಆರ್‌ಎಫ್‌ಸಿ ಖಾತೆಗೆ ಹೋಗಬೇಕು. ಡಾಲರ್‌ನಲ್ಲೇ ಇಟ್ಟುಕೊಳ್ಳುವ ಆಸೆಯಿದ್ದರೆ ಆರ್‌ಎಫ್‌ಸಿ ತೆರೆದು, ಹಳೆಯ ಮಾಲೀಕರಿಗೆ ಆ ಸಂಖ್ಯೆಯನ್ನು ಹಣ ಹೊರಡುವ ಮುಂಚೆಯೇ ಕೊಡಬೇಕು.