ವಿಶೇಷ ನಿರ್ಣಯದ ನಡಾವಳಿ ಎರಡು ಬಾರಿ ವಾಪಸಾದಾಗ: ನನ್ನ ಅನುಭವ

ನಮ್ಮ ಖಾಸಗಿ ಕಂಪನಿಯ ನಿಯಮಾವಳಿ ತಿದ್ದುಪಡಿಯ ನಡಾವಳಿಯ ಕರಡನ್ನು ಕಂಪನಿ ಕಾರ್ಯದರ್ಶಿಯವರು ಎರಡು ಬಾರಿ ಹಿಂದಿರುಗಿಸಿದರು. ಮೊದಲು ‘ಬಹುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆದಿದ್ದೆ. ಅದು ಸಾಮಾನ್ಯ ನಿರ್ಣಯದ ಮಾತು, ಅಲ್ಲಿ ವಿರೋಧಕ್ಕಿಂತ ಒಂದು ಮತ ಹೆಚ್ಚಿದ್ದರೂ ಸಾಕು. ಆಮೇಲೆ ‘ಹಾಜರಿದ್ದವರ ಮುಕ್ಕಾಲು ಪಾಲು’ ಎಂದು ತಿದ್ದಿದೆ. ಅದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಲೆಕ್ಕವೇ ಹೊಂದುತ್ತಿರಲಿಲ್ಲ.

ಷೇರುಗಳ ಆಧಾರದ ಮತದಾನದಲ್ಲಿ ಹಾಜರಿದ್ದ 10,000 ಮತಗಳ ಪೈಕಿ ಪರವಾಗಿ 6,300, ವಿರುದ್ಧವಾಗಿ 2,000 ಬಿದ್ದು, 1,700 ಚಲಾವಣೆಯಾಗಿರಲಿಲ್ಲ. ಒಟ್ಟಿನ ಮೇಲೆ ನೋಡಿದರೆ ಶೇ. 63 ಮಾತ್ರ, ನಿರ್ಣಯ ಬಿದ್ದೇ ಹೋಯಿತೆಂದು ನಾನೂ ಅಂದುಕೊಂಡಿದ್ದೆ. ಆದರೆ 2013ರ ಕಂಪನಿ ಕಾಯ್ದೆಯ 114ನೇ ಕಲಮು ವಿಶೇಷ ನಿರ್ಣಯಕ್ಕೆ ಮತಗಳ ಲೆಕ್ಕದಲ್ಲಿ ಕೇಳುವುದು, ಪರವಾದ ಮತಗಳು ವಿರುದ್ಧ ಮತಗಳ ಮೂರು ಪಟ್ಟಿಗಿಂತ ಕಡಿಮೆ ಇರಬಾರದು ಎಂದಷ್ಟೇ. ತಟಸ್ಥರು ಯಾವ ಕಡೆಗೂ ಸೇರುವುದಿಲ್ಲ. 2,000ದ ಮೂರು ಪಟ್ಟು 6,000, ಆದ್ದರಿಂದ ನಿರ್ಣಯ ಗೆದ್ದಿತ್ತು.

ಕೊನೆಗೆ ಒಪ್ಪಿಗೆಯಾದ ವಾಕ್ಯ ಇದು: ‘ಷೇರುಗಳ ಆಧಾರದ ಮತದಾನದಲ್ಲಿ ಪರವಾಗಿ 6,300, ವಿರುದ್ಧವಾಗಿ 2,000 ಮತಗಳು ಚಲಾವಣೆಯಾದವು, 1,700 ಮತಗಳು ಚಲಾವಣೆಯಾಗಲಿಲ್ಲ. ಪರವಾದ ಮತಗಳು ವಿರುದ್ಧ ಮತಗಳ ಮೂರು ಪಟ್ಟಿಗಿಂತ ಕಡಿಮೆಯಿಲ್ಲದ ಕಾರಣ, ಇದು ವಿಶೇಷ ನಿರ್ಣಯವಾಗಿ ಅಂಗೀಕೃತವಾಯಿತೆಂದು ಅಧ್ಯಕ್ಷರು ಘೋಷಿಸಿದರು.’ ಮೊದಲು ಮತದಾನದ ವಿಧಾನ, ನಂತರ ಅಂಕಿಗಳು, ಆಮೇಲೆ ಮಿತಿ, ಕಡೆಗೆ ಘೋಷಣೆ ಎಂಬ ಈ ಕ್ರಮವನ್ನು ಬದಲಿಸಬೇಡಿ.

ಸಭೆಯ ನೋಟಿಸಿನಲ್ಲೇ ‘ವಿಶೇಷ ನಿರ್ಣಯವಾಗಿ’ ಎಂಬ ಉದ್ದೇಶ ನಮೂದಾಗಿರದಿದ್ದರೆ ಮಾತ್ರ ನಡಾವಳಿಯನ್ನು ಎಷ್ಟು ತಿದ್ದಿದರೂ ಉಪಯೋಗವಿಲ್ಲ.