ನಾಲ್ಕು ಹಳೇ ಫೋನು, ಸೊನ್ನೆ ಡೇಟಾ: ನನ್ನ ಸರ್ಕ್ಯೂಟ್ ಪಾಠ

ನಮ್ಮ ಶಾಲೆಯಲ್ಲಿ ಸಿಗ್ನಲ್ ಬೇಕಂದ್ರೆ ನೀರಿನ ಟ್ಯಾಂಕ್ ಹತ್ತಿರ ಹೋಗಿ ನಿಲ್ಲಬೇಕು. ಏಳನೇ ಕ್ಲಾಸಿನಲ್ಲಿ 28 ಮಕ್ಕಳು. "ಇಲ್ಲಿ ವಿಡಿಯೊ, ಫೋನು ಅಂತ ಪಾಠ ಮಾಡೋದೆಲ್ಲ ಆಗಲ್ಲ ಮೇಷ್ಟ್ರೇ, ಸುಮ್ನೆ ದುಡ್ಡು ಹಾಳು" ಅಂತ ಎಲ್ಲರೂ ಹೇಳಿದ್ದರು. ಈಗ ಪಕ್ಕದ ಎರಡು ಶಾಲೆಯವರು ಬಂದು ನೋಡಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ವಿಡಿಯೊ ಇಳಿಸಿಕೊಂಡು ಪ್ರೊಜೆಕ್ಟರಿನಲ್ಲಿ ತೋರಿಸಿದೆ. ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರಿಗೆ ಸುಮಾರು 9,000 ಹೋಯಿತು. ಪಾಠದ ಹೊತ್ತಿಗೇ ಕರೆಂಟ್ ಹೋಗುತ್ತಿತ್ತು. ಕರೆಂಟ್ ಇದ್ದ ದಿನವೂ ಮಕ್ಕಳು ನೋಡಿದರು, ಚಪ್ಪಾಳೆ ಹೊಡೆದರು, ಅಷ್ಟೇ. ಮರುದಿನ ಕೇಳಿದರೆ ಉತ್ತರ ಇಲ್ಲ.

ಆಮೇಲೆ ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಫೆಟ್ ಸಿಮ್ಯುಲೇಶನ್ ಹಿಡಿದೆ. ಒಂದೊಂದೂ ಒಂದೇ ಫೈಲ್, ಕೆಲವೇ ಎಂಬಿ. ಪೇಟೆಯಲ್ಲಿ ವೈಫೈ ಸಿಕ್ಕಾಗ `circuit-construction-kit-dc_en.html` ಇಳಿಸಿಕೊಂಡೆ. ಸ್ಕ್ರೀನ್ ಒಡೆದ ಮೂರು ಫೋನ್ ತಂದು ರಿಪೇರಿ ಮಾಡಿಸಿದೆ, ಎಲ್ಲ ಸೇರಿ 5,000ದ ಆಸುಪಾಸು. ನನ್ನದೊಂದು ಸೇರಿ ನಾಲ್ಕು.

ಬ್ಲೂಟೂತಿನಲ್ಲಿ ಫೈಲ್ ಕಳಿಸಿದರೆ ಎರಡು ಫೋನಿನಲ್ಲಿ ಬಿಳಿ ಪರದೆ. ಫೈಲ್ ಹಾಳಾಗಿದೆ ಅಂದುಕೊಂಡು ಒಂದು ಶನಿವಾರ ಪೂರ್ತಿ ಕಳೆದೆ. ನೋಡಿದರೆ ಅದು ಫೋನಿನ `HTML Viewer`ನಲ್ಲಿ ತೆರೆದುಕೊಳ್ಳುತ್ತಿತ್ತು. ಸಿಮ್ಯುಲೇಶನ್ನಿಗೆ ಬೇಕಾದ ಸ್ಕ್ರಿಪ್ಟನ್ನು ಅದು ಓಡಿಸುವುದಿಲ್ಲ. ಕ್ರೋಮ್ ಬೇಕು, ಅದೂ ಅಪ್‌ಡೇಟ್ ಆಗಿರಬೇಕು. ಒಂದು ಫೋನಿನ ಆಂಡ್ರಾಯ್ಡ್ ತೀರಾ ಹಳೇದು, ಲೋಡಿಂಗಿನಲ್ಲೇ ನಿಂತುಬಿಡುತ್ತಿತ್ತು. ಅದನ್ನು ಬದಲಾಯಿಸಲೇಬೇಕಾಯಿತು, ಮತ್ತೆ 1,500.

ಕೊನೆಗೆ ಉಳಿದ ಫೋನುಗಳು ಅದರಿಂದಲೇ ಫೈಲ್ ತೆರೆಯಲಿ ಅಂತ ನನ್ನ ಫೋನನ್ನೇ ಸರ್ವರ್ ಮಾಡಿದೆ. ಫೋನಿನಲ್ಲಿ ಕಮಾಂಡ್ ಕೊಡಲು ಟರ್ಮಕ್ಸ್ ಅನ್ನುವ ಆಪ್, ಅದರೊಳಗೆ ಪೈಥಾನ್, ಎರಡನ್ನೂ ಪೇಟೆಯಲ್ಲೇ ಹಾಕಿಕೊಂಡು ಬಂದೆ. ಕ್ಲಾಸಿನಲ್ಲಿ ಹಾಟ್‌ಸ್ಪಾಟ್ ಹಾಕಿ ಇಷ್ಟೇ:

```
termux-wake-lock
cd ~/storage/downloads
python -m http.server 8080
```

`termux-setup-storage` ಒಂದು ಸಲ ಮೊದಲೇ ಕೊಟ್ಟಿರಬೇಕು. ಉಳಿದ ಫೋನಿನ ಕ್ರೋಮಿನಲ್ಲಿ `http://192.168.43.1:8080` ತೆರೆಯಿರಿ. ಹೊಸ ಫೋನುಗಳಲ್ಲಿ ಈ ನಂಬರ್ ಬೇರೆ ಇರುತ್ತದೆ. ಸೇರಿಕೊಂಡ ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ ಅಂತ ಇರುವುದೇ ಅದು. ಪೇಜ್ ಬರಲೇ ಇಲ್ಲ ಅಂದರೆ ಆ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ಈ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ ಅಂತ ಫೋನ್ ತಾನೇ ಡೇಟಾಕ್ಕೆ ಜಾರಿಬಿಡುತ್ತದೆ. ಇದು ಗೊತ್ತಾಗುವವರೆಗೆ ನನಗೆ ನಾಲ್ಕು ಪೀರಿಯಡ್ ಹೋದವು.

ನಡುವೆ ಫೋನಿನ ಮುಂದೆ ಇಡುವ ಪ್ಲಾಸ್ಟಿಕ್ ಭೂತಗನ್ನಡಿ ಪರದೆಯನ್ನೂ ತಂದು ನೋಡಿದೆ. ಎದುರು ಕೂತವನಿಗೆ ಮಾತ್ರ ಕಾಣುತ್ತದೆ. ತರಬೇಡಿ.

ಪಾಠ ಹೀಗೆ. ಎರಡು ಗುಂಪಿಗೆ ಎರಡೆರಡು ಫೋನು, ಇನ್ನೆರಡು ಗುಂಪಿಗೆ ಸೆಲ್ಲು, ವೈರು, ಟಾರ್ಚ್ ಬಲ್ಬು. ಹದಿನೈದು ನಿಮಿಷಕ್ಕೆ ಅದಲುಬದಲು. ಫೋನ್ ಮುಟ್ಟುವ ಬೆರಳು ಒಂದೇ ಮಗುವಿನದು, ಏನು ಮಾಡಬೇಕು ಅಂತ ಹೇಳುವುದು ಬೇರೆ ಮಕ್ಕಳು. ಮುಟ್ಟುವ ಮೊದಲು ಏನಾಗುತ್ತದೆ ಅಂತ ಚೀಟಿಯಲ್ಲಿ ಬರೆಯಲೇಬೇಕು. ಆ ಚೀಟಿಯ ಪ್ರಶ್ನೆಗಳು ಇಲ್ಲಿ ಬೇಡ, ಬಂದವರಿಗೆ ಕೊಡುತ್ತೇನೆ.

ಎರಡು ಬಲ್ಬ್ ಸರಣಿಯಲ್ಲಿ ಜೋಡಿಸಿ ಅಂದೆ. ಸೆಲ್ ಗುಂಪಿನಲ್ಲಿ ಒಂದು ಬಲ್ಬ್ ಜೋರು, ಇನ್ನೊಂದು ಮಂಕು. "ಸಾರ್, ಮೊದಲನೇ ಬಲ್ಬು ಕರೆಂಟ್ ತಿಂದುಬಿಟ್ಟಿದೆ" ಅಂದ ಒಬ್ಬ ಹುಡುಗ. ಎಲ್ಲರ ಚೀಟಿಯಲ್ಲೂ ಹೆಚ್ಚುಕಮ್ಮಿ ಅದೇ ಇತ್ತು. ಹಿಂದಿನ ವರ್ಷಗಳಲ್ಲಿ ನಾನು ಇಲ್ಲೇ ಸಿಕ್ಕಿಬೀಳುತ್ತಿದ್ದೆ. ಹಾಗಲ್ಲ ಅಂತ ಬಾಯಲ್ಲಿ ಹೇಳುತ್ತಿದ್ದೆ, ಕಣ್ಣಿಗೆ ಕಾಣುವುದು ಬೇರೆಯೇ ಇರುತ್ತಿತ್ತು.

ಫೋನಿನಲ್ಲಿ ಎರಡು ಬಲ್ಬೂ ಒಂದೇ ಬೆಳಕು. ಅದರಲ್ಲಿ ಬ್ಯಾಟರಿ 9 ವೋಲ್ಟ್, ಬಲ್ಬ್ 10 ಓಮ್. ಒಂದೇ ಬಲ್ಬ್ ಇದ್ದಾಗ ಅಮ್ಮೀಟರ್ 0.90 ಆಂಪಿಯರ್ ತೋರಿಸಿತ್ತು. ಎರಡಾದಾಗ 0.45. ಮೊದಲ ಬಲ್ಬಿನ ಮುಂಚೆ, ನಡುವೆ, ಎರಡನೆಯದರ ಆಚೆ, ಮೂರು ಕಡೆಯೂ 0.45. ತಿಂದಿದ್ದರೆ ಕಡಿಮೆ ಆಗಬೇಕಿತ್ತು ಅಲ್ವಾ?

ಎರಡೂ ಗುಂಪಿಗೆ ಜಗಳ ಹತ್ತಿತು. ನಾನು ಬಾಯಿ ಬಿಡಲಿಲ್ಲ. ಫೋನ್ ಗುಂಪಿನ ಒಬ್ಬಳು ಎದ್ದುಬಂದು ಸೆಲ್ ಗುಂಪಿನ ಎರಡು ಬಲ್ಬನ್ನೂ ಹೋಲ್ಡರಿನಿಂದ ಬಿಚ್ಚಿ ಅದಲುಬದಲು ಹಾಕಿದಳು. ಈಗ ಮೊದಲನೇ ಜಾಗದ್ದು ಮಂಕು, ಎರಡನೇ ಜಾಗದ್ದು ಜೋರು! "ಜಾಗ ಅಲ್ಲ ಸಾರ್, ಬಲ್ಬೇ ಬೇರೆ ಬೇರೆ" ಅಂದಳು. ಅಂಗಡಿಯವನು ಎರಡು ಥರದ ಬಲ್ಬು ಬೆರೆಸಿ ಕೊಟ್ಟಿದ್ದ.

ಈಗ ಬೇಕಂತಲೇ ಎರಡು ಥರದ ಬಲ್ಬು ತರುತ್ತೇನೆ. ಸೆಲ್ಲನ್ನೂ ಬಿಡುವ ಹಾಗಿಲ್ಲ. ಶಾರ್ಟ್ ಮಾಡಿದರೆ ಫೋನಿನಲ್ಲಿ ಬೆಂಕಿ ಕಾಣುತ್ತದೆ, ನಿಜವಾದ ಸೆಲ್ಲಿನಲ್ಲಿ ವೈರು ಬೆಚ್ಚಗಾಗುತ್ತದೆ. ಆ ಬಿಸಿ ಬೆರಳಿಗೇ ತಾಗಬೇಕು, ಒಂದು ಕ್ಷಣ ಮಾತ್ರ. ವಾರದ ನಂತರ ಫೋನಿನ ಅದೇ ಬ್ಯಾಟರಿ, ಅದೇ ಎರಡು ಬಲ್ಬಿನ ಸಮಾಂತರ ಜೋಡಣೆ ಬಗ್ಗೆ ಚೀಟಿ ಕೊಟ್ಟೆ. 28ರಲ್ಲಿ 21–22 ಮಕ್ಕಳು ಒಟ್ಟು ಕರೆಂಟ್ 1.80 ಅಂತ ಮುಟ್ಟುವ ಮೊದಲೇ ಬರೆದಿದ್ದರು.