ಡೆಕೋರೇಟರ್‌ಗೆ ಮೇಲ್ ಕಳಿಸುವಾಗ ಹೂವಿನ ಲೆಕ್ಕ ಅಡಿ ಅಳತೆಯಲ್ಲಿರಲಿ

ಈವೆಂಟ್ ಕೆಲಸ ಮಾಡುವವರಿಗೆ ಒಂದು ಸಲಹೆ. ಸ್ಟೇಜ್ ಅಲಂಕಾರ ಕನ್ಫರ್ಮ್ ಮಾಡುವ ಮೇಲ್‌ನಲ್ಲಿ "ಹಿಂದೆ ಫುಲ್ ಸೇವಂತಿಗೆ" ಅಂತ ಬರೆದು ಬಿಡಬೇಡಿ. ನಿಮ್ಮ ಮನಸ್ಸಿನಲ್ಲಿ ಒತ್ತಾದ ಹೂವಿನ ಪರದೆ ಇರುತ್ತದೆ, ಅವರು ಅಡಿಗೊಂದು ಎಳೆ ಇಳಿಬಿಟ್ಟಿರುತ್ತಾರೆ. ಮಾರಿನ ಲೆಕ್ಕವೂ ಬೇಡ, ಅಳೆಯುವವರ ಕೈ ಉದ್ದದ ಮೇಲೆ ಅದು ಬದಲಾಗುತ್ತದೆ.

ಹೀಗೆ ಬರೆಯಿರಿ:

"ನಮಸ್ಕಾರ ಸರ್. ಶನಿವಾರದ ರಿಸೆಪ್ಶನ್‌ಗೆ ಬ್ಯಾಕ್‌ಡ್ರಾಪ್ 24 ಅಡಿ ಅಗಲ, 8 ಅಡಿ ಎತ್ತರ. ಹಳದಿ ಸೇವಂತಿಗೆ ಎಳೆ ಅರ್ಧ ಅಡಿಗೊಂದರಂತೆ 49, ಒಟ್ಟು 392 ಅಡಿ. ಬಾಳೆಕಂದು 2 ಜೊತೆ, ಸೋಫಾ 1. ಹಳದಿ ಸಿಗದಿದ್ದರೆ ಹಿಂದಿನ ದಿನವೇ ಫೋನ್ ಮಾಡಿ, ಪ್ಲಾಸ್ಟಿಕ್ ಹೂ ಬೇಡ. ಹಾಲ್ ಬೆಳಿಗ್ಗೆ 10ಕ್ಕೆ ನಮ್ಮ ಕೈಗೆ ಬರುತ್ತದೆ. ಫ್ರೇಮ್, ಬಟ್ಟೆ 1ರೊಳಗೆ, ಹೂವು ಆಮೇಲೆ. ಸಂಜೆ 4:30ಕ್ಕೆ ಏಣಿ ಸ್ಟೇಜ್ ಮೇಲಿರಬಾರದು. ಒಪ್ಪಿಗೆ ಇದ್ದರೆ ಇದಕ್ಕೇ ರಿಪ್ಲೈ ಮಾಡಿ."

ಗಂಡು ಹೆಣ್ಣು ಸ್ಟೇಜ್ ಹತ್ತುವುದು 6ಕ್ಕೆ. ಆದರೂ 4:30 ಅಂತಲೇ ಹಾಕಿ. ಫೋಟೋಗ್ರಾಫರ್ ಲೈಟ್ ಹೊಂದಿಸಬೇಕು, ಉದುರಿದ ಎಸಳು, ದಾರ ಎಲ್ಲ ಗುಡಿಸಬೇಕು. ಹೂವು ಬೆಳಿಗ್ಗೆಯೇ ಕಟ್ಟಿದರೆ ಫೋಕಸ್ ಲೈಟ್ ಬಿಸಿಗೆ ಸಂಜೆ ಹೊತ್ತಿಗೆ ಬಾಡುತ್ತದೆ, ಅದಕ್ಕೇ ಕೊನೆಗೆ.

ಮರುದಿನ ಅದೇ ಸ್ಟೇಜ್ ಮೇಲೆ ಮುಹೂರ್ತವಿದ್ದರೆ, ರಾತ್ರಿ ಇದನ್ನು ಯಾರು ಬಿಚ್ಚುತ್ತಾರೆ, ಮಂಟಪ ಎಷ್ಟು ಗಂಟೆಗೆ ನಿಲ್ಲಬೇಕು ಅನ್ನುವುದನ್ನೂ ಅದೇ ಮೇಲ್‌ಗೆ ಸೇರಿಸಿ. ಜಗಳ ಹೆಚ್ಚಾಗಿ ಆಗುವುದು ಅಲ್ಲೇ.